ಮಂಡ್ಯದಿಂದ ದುಬೈಗೆ ಬೆಲ್ಲ: ಮರೈನ್ ಇನ್ಶೂರೆನ್ಸ್ ಕೊಟೇಶನ್‌ಗೆ ಹೀಗೆ ಬರೆದರೆ ಸಾಕಾ?

ಆಲೆಮನೆ_ಹುಡುಗ
ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಇಷ್ಟು ದಿನ ಎಪಿಎಂಸಿಗೆ ಹಾಕುತ್ತಿದ್ದೆವು. ಈಗ ದುಬೈನ ಒಬ್ಬರು ಒಂದು ಕಂಟೇನರ್ ಅಚ್ಚು ಬೆಲ್ಲ ಕೇಳಿದ್ದಾರೆ. ದುಬೈನ ಜೆಬೆಲ್ ಅಲಿ ಬಂದರಿನವರೆಗೆ ಸಿಐಎಫ್ ರೇಟು, ಅಂದರೆ ಹಡಗಿನ ಬಾಡಿಗೆ, ಇನ್ಶೂರೆನ್ಸ್ ಎರಡೂ ನಮ್ಮ ಜವಾಬ್ದಾರಿ. ನವೆಂಬರ್‌ನಲ್ಲಿ ಲೋಡಿಂಗ್. ಕೊಟೇಶನ್ ಕೇಳಿ ಮೂರು ಕಡೆ ಹೀಗೆ ಮೇಲ್ ಹಾಕಿದೆ:

"ಮಾಲು: ಬೆಲ್ಲ, 18 ಟನ್. ಬೆಲೆ: ₹8,10,000. ದಾರಿ: ಚೆನ್ನೈನಿಂದ ದುಬೈ. ಪ್ಯಾಕಿಂಗ್: ಸ್ಟ್ಯಾಂಡರ್ಡ್ ಎಕ್ಸ್‌ಪೋರ್ಟ್ ಪ್ಯಾಕಿಂಗ್. ದಯವಿಟ್ಟು ಪ್ರೀಮಿಯಂ ತಿಳಿಸಿ."

ಒಬ್ಬರು ಉತ್ತರವನ್ನೇ ಕೊಟ್ಟಿಲ್ಲ. ಇನ್ನೊಬ್ಬರು ಬರೀ ರೇಟು ಕಳಿಸಿದರು. ಮೂರನೆಯವರು ಒಂದು ಪುಟ ಪ್ರಶ್ನೆ ಕಳಿಸಿದ್ದಾರೆ, ಅದರಲ್ಲಿ ಅರ್ಧ ಪ್ಯಾಕಿಂಗ್ ಬಗ್ಗೆಯೇ. ರೇಟು ಕೊಟ್ಟವರ ಹತ್ತಿರ ಮಾಡಿಸಿ ಮುಗಿಸೋಣ ಅಂತ ನಮ್ಮಣ್ಣ ಅನ್ನುತ್ತಾನೆ. ನೀವೇನಂತೀರಿ?

ಗೋಣಿಚೀಲ
ನಿಮ್ಮಣ್ಣ ಹೇಳಿದ್ದೇ ಸರಿ. ಮರೈನ್ ಇನ್ಶೂರೆನ್ಸ್‌ನಲ್ಲಿ ಎ, ಬಿ, ಸಿ ಅಂತ ಮೂರು ಕ್ಲಾಸ್, ಎ ದೊಡ್ಡದು, ಸಿ ಚಿಕ್ಕದು. ಸಿಐಎಫ್‌ಗೆ ಕ್ಲಾಸ್ ಸಿ ಸಾಕು, ರೂಲ್ಸೇ ಹಾಗಿದೆ. ಸುಮ್ನೆ ಜಾಸ್ತಿ ದುಡ್ಡು ಯಾಕೆ? ಹಡಗೇನು ದಿನಾ ಮುಳುಗುತ್ತಾ?

ಪಾಂಡವಪುರ_ಪುಟ್ಟ
ಬ್ರದರ್, ದುಬೈ ಪಾರ್ಟಿ ದುಡ್ಡು ಕೊಡದೆ ಕೈ ಎತ್ತಿದರೆ ಈ ಇನ್ಶೂರೆನ್ಸ್‌ನಲ್ಲಿ ಬರುತ್ತಾ? ನಮ್ಮ ಭಾವನಿಗೆ ಹಾಗೇ ಆಗಿತ್ತು, ತೆಂಗಿನಕಾಯಿ ಕಳಿಸಿ.

ಕ್ಲಿಯರಿಂಗ್_ಕಿಟ್ಟಿ
@ಪಾಂಡವಪುರ_ಪುಟ್ಟ ಅದು ಬೇರೆ ವಿಷಯ. ದುಡ್ಡು ಬರದಿದ್ದರೆ ಅಂತಲೇ ಸರ್ಕಾರಿ ಕಂಪನಿ ಇಸಿಜಿಸಿಯ ಪಾಲಿಸಿ ಇದೆ. ಇಲ್ಲಿ ಮಾಲಿಗೆ ದಾರಿಯಲ್ಲಿ ಏನಾದರೂ ಆದರೆ ಮಾತ್ರ. ಎರಡನ್ನೂ ಒಂದೇ ಅಂದುಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ನಜರ್‌ಬಾದ್_ಸೀನಿಯರ್
ನಾನು ಮರೈನ್ ಡಿಪಾರ್ಟ್‌ಮೆಂಟ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಈಗ ಮೈಸೂರಿನಲ್ಲಿದ್ದೇನೆ. ಒಂದು ಪುಟ ಪ್ರಶ್ನೆ ಕಳಿಸಿದವರನ್ನು ಬಿಡಬೇಡಪ್ಪ. ಬರೀ ರೇಟು ಕೊಟ್ಟವರು ಏನು ನೋಡಿ ಕೊಟ್ಟರು? ನಿನ್ನ ಮೇಲ್‌ನಲ್ಲಿ ನೋಡುವುದಕ್ಕೇ ಏನೂ ಇಲ್ಲ. ಕ್ಲೇಮ್ ಬಂದ ದಿನ ಅವರು ಆ ಮೇಲನ್ನೇ ತೆಗೆದು ಮುಂದೆ ಇಡುತ್ತಾರೆ.

ಮೊದಲು ಬೆಲೆ ವಿಷಯ. ಎಂಟು ಲಕ್ಷದ ಹತ್ತು ಸಾವಿರ ಎಲ್ಲಿಂದ ಬಂತು?

ಆಲೆಮನೆ_ಹುಡುಗ
ಕೆಜಿಗೆ 45 ರೂಪಾಯಿ ಲೆಕ್ಕ ಸಾರ್. ನಮಗೆ ಬೀಳುವ ಅಸಲು ಅದು.

ನಜರ್‌ಬಾದ್_ಸೀನಿಯರ್
ಅಸಲು ಬೇಡ. ದುಬೈ ಬಾಗಿಲಿಗೆ ಮುಟ್ಟುವ ಹೊತ್ತಿಗೆ ಅದರ ಬೆಲೆ ಎಷ್ಟು ಅಂತ ಹೇಳು. ಪ್ಯಾಕಿಂಗ್ ಸೇರಿ ಗೋಡೌನ್‌ನಲ್ಲಿ ಎಷ್ಟು, ಚೆನ್ನೈವರೆಗೆ ಎಷ್ಟು, ಹಡಗಿನ ಬಾಡಿಗೆ ಎಷ್ಟು?

ಆಲೆಮನೆ_ಹುಡುಗ
ಪ್ಯಾಕಿಂಗ್, ನಮ್ಮ ಲಾಭ ಎಲ್ಲ ಸೇರಿ ಕೆಜಿಗೆ 72. ಅಂದರೆ ₹12,96,000. ಚೆನ್ನೈವರೆಗಿನ ಲಾರಿ ಬಾಡಿಗೆ, ಪೋರ್ಟ್ ಖರ್ಚು ₹64,000. ಹಡಗಿನ ಬಾಡಿಗೆ ₹90,000 ಅಂದಿದ್ದಾರೆ.

ನಜರ್‌ಬಾದ್_ಸೀನಿಯರ್
ಒಟ್ಟು ₹14,50,000. ಇದಕ್ಕೆ ಶೇಕಡಾ 10 ಸೇರಿಸಿದರೆ ₹15,95,000. ಪ್ರೀಮಿಯಮ್ಮನ್ನೂ ಸೇರಿಸಿಯೇ ಶೇಕಡಾ 10 ಹಾಕಬೇಕು, ಅದು ಸಣ್ಣ ಮೊತ್ತ, ಸದ್ಯಕ್ಕೆ ಬಿಡೋಣ. ಸಿಐಎಫ್ ಮಾರಾಟದಲ್ಲಿ ಕನಿಷ್ಠ ಸಿಐಎಫ್ ಮೇಲೆ ಶೇಕಡಾ 10 ಸೇರಿಸಿ ಇನ್ಶೂರ್ ಮಾಡಬೇಕು. ಆ ಹತ್ತು ಪರ್ಸೆಂಟ್ ನಿನ್ನ ಬಾಯರ್‌ನ ಓಡಾಟ, ಅವನಿಗೆ ಬರಬೇಕಿದ್ದ ಲಾಭ ಅಂತ ಇಟ್ಟುಕೋ.

ನೀನು 8.10 ಲಕ್ಷಕ್ಕೆ ಮಾಡಿಸಿದ್ದರೆ ಏನಾಗುತ್ತಿತ್ತು ನೋಡು. 20 ಕೆಜಿಯ 900 ಡಬ್ಬ ಅಂತ ಇಟ್ಟುಕೋ, ಅದರಲ್ಲಿ 90 ಡಬ್ಬ ಪೂರ್ತಿ ಹಾಳಾಯಿತು ಅನ್ನು. ಪಾಲಿಸಿಯಲ್ಲಿ ಬರೆದ ಬೆಲೆಯ ಹತ್ತನೇ ಒಂದು ಭಾಗ ಸಿಗುತ್ತದೆ, ಅಂದರೆ ₹81,000. ಸರಿಯಾಗಿ ಬರೆದಿದ್ದರೆ ₹1,59,500. ಬಾಯರ್‌ಗೆ ಬಾಕಿ ಎಂಬತ್ತು ಸಾವಿರ ಯಾರು ಕೊಡುತ್ತಾರೆ? ನಿನ್ನ ಕುತ್ತಿಗೆಗೇ ಬರುತ್ತದೆ.

ಗೋಣಿಚೀಲ
ಅದಕ್ಕೆ ತಕ್ಕ ಹಾಗೆ ಪ್ರೀಮಿಯಮ್ಮೂ ಡಬಲ್ ಆಗಲ್ವಾ ಸಾರ್?

ನಜರ್‌ಬಾದ್_ಸೀನಿಯರ್
ಆಗುತ್ತದೆ. ಉದಾಹರಣೆಗೆ ಶೇಕಡಾ 0.12 ಅಂತ ಇಟ್ಟುಕೊಂಡರೆ ₹1,914, ಜಿಎಸ್‌ಟಿ 18 ಪರ್ಸೆಂಟ್ ಸೇರಿ ₹2,260 ಹತ್ತಿರ. ಹದಿನಾರು ಲಕ್ಷದ ಮಾಲಿಗೆ ಅಷ್ಟು ಕೊಡೋಕೆ ಯೋಚನೆ ಮಾಡೋದಾದರೆ ರಫ್ತಿಗೆ ಕೈ ಹಾಕಬಾರದು.

ಗೋಣಿಚೀಲ
ಹ್ಮ್. ಆದ್ರೂ ಕ್ಲಾಸ್ ಸಿ ಸಾಕು ಅನ್ನೋದು ತಪ್ಪಾ?

ಕ್ಲಿಯರಿಂಗ್_ಕಿಟ್ಟಿ
ತಪ್ಪಲ್ಲ ಅಣ್ಣ, ಅರ್ಧ ಸರಿ. ಇನ್ಕೋಟರ್ಮ್ಸ್ ಅಂದ್ರೆ ಅಂತರರಾಷ್ಟ್ರೀಯ ಮಾರಾಟದ ನಿಯಮಗಳು, ಅದರ 2020ರ ಆವೃತ್ತಿ ಪ್ರಕಾರ ಸಿಐಎಫ್‌ಗೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್, ಅಂದ್ರೆ ಐಸಿಸಿಯ ಸಿ ಕನಿಷ್ಠ. ಆದರೆ ಸಿ ಅಲ್ಲಿ ಏನಿದೆ? ಬೆಂಕಿ, ಹಡಗು ಮುಳುಗೋದು, ಡಿಕ್ಕಿ, ಲಾರಿ ಪಲ್ಟಿ, ಅಂಥದ್ದು. ಕಳ್ಳತನ ಇಲ್ಲ. ನೀರು ನುಗ್ಗಿದರೆ ಇಲ್ಲ. ಬಿ ತಗೊಂಡರೆ ಸಮುದ್ರದ ನೀರು ಒಳಗೆ ಬಂದದ್ದು ಸಿಗುತ್ತೆ, ಮಳೆ ನೀರು ಸಿಗಲ್ಲ. ಬೆಲ್ಲಕ್ಕೆ ಹಡಗು ಮುಳುಗೋದಲ್ಲ ಭಯ, ತೇವ. ನವೆಂಬರ್‌ನಲ್ಲಿ ಚೆನ್ನೈ ಯಾರ್ಡ್ ಹೇಗಿರುತ್ತೆ ಅಂತ ಗೊತ್ತಲ್ವಾ? ಹಿಂಗಾರು ಮಳೆ ಜೋರಾಗಿರೋ ಕಾಲ.

ಹಡಗು ಮುಳುಗಲ್ಲ ಅಂತಲೂ ಅನ್ನಬೇಡಿ. 2025ರ ಮೇನಲ್ಲಿ ಕೇರಳದ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಮುಳುಗಿತು. ಕಂಟೇನರ್‌ಗಳು ಬೀಚಿಗೆ ಬಂದು ಬಿದ್ದಿದ್ದನ್ನು ಟಿವಿಯಲ್ಲಿ ನೋಡಿರಬಹುದು.

ಲಾರಿ_ರಾಜ
ಚೆನ್ನೈ ಯಾಕೆ? ಮಂಗಳೂರಿಗೆ ಹಾಕಿ, ನಮ್ಮ ಗಾಡಿ ಹಾಸನದ ಮೇಲೆ ಶಿರಾಡಿ ಇಳಿದು ಹೋಗುತ್ತೆ. ಡೀಸೆಲ್ಲೂ ಉಳಿಯುತ್ತೆ.

ಕ್ಲಿಯರಿಂಗ್_ಕಿಟ್ಟಿ
ನವೆಂಬರ್‌ನಲ್ಲಾದರೆ ನಡೆಯಬಹುದು. ಜುಲೈನಲ್ಲಿ ಶಿರಾಡಿ ಘಾಟಿ ಅಂದ್ರೆ ನಮಸ್ಕಾರ. ಒಂದು ಗುಡ್ಡ ಕುಸಿದರೆ ಮಾಲು ದಾರಿಯಲ್ಲೇ, ಹಡಗು ಹೊರಟೇ ಹೋಗಿರುತ್ತೆ. ವಿಳಂಬದಿಂದ ಆದ ನಷ್ಟಕ್ಕೆ ಎ ಕ್ಲಾಸಲ್ಲೂ ದುಡ್ಡಿಲ್ಲ, ಆ ವಿಳಂಬಕ್ಕೆ ಕಾರಣ ಅಪಘಾತವೇ ಆಗಿದ್ದರೂ. ಜೊತೆಗೆ ಹಡಗುಗಳ ಓಡಾಟ ಚೆನ್ನೈನಲ್ಲೇ ಜಾಸ್ತಿ.

ಲಾರಿ_ರಾಜ
ಘಾಟಿ ಅಂದ್ರೆ ಎಲ್ಲರೂ ಹೆದರಿಸ್ತಾರೆ. ನಾವು ವರ್ಷಪೂರ್ತಿ ಓಡಿಸ್ತಿದ್ದೀವಿ. ಗಾಡಿಗೆ ಇನ್ಶೂರೆನ್ಸ್ ಇದ್ದೇ ಇದೆಯಲ್ಲ, ಮತ್ತೆ ಬೇರೆ ಯಾಕೆ?

ಕ್ಲಿಯರಿಂಗ್_ಕಿಟ್ಟಿ
ಗಾಡಿಯ ಇನ್ಶೂರೆನ್ಸ್ ಗಾಡಿಗೆ ರಾಜಣ್ಣ. ಒಳಗಿರೋ ಬೆಲ್ಲಕ್ಕಲ್ಲ.

ನಜರ್‌ಬಾದ್_ಸೀನಿಯರ್
ದಾರಿಯ ಮಾತು ಬಂದದ್ದು ಒಳ್ಳೆಯದಾಯಿತು. "ಚೆನ್ನೈನಿಂದ ದುಬೈ" ಅಂತ ಬರೆದರೆ ಮಂಡ್ಯದಿಂದ ಚೆನ್ನೈವರೆಗೆ ಕವರ್ ಕೇಳಿಲ್ಲ ಅಂತಲೇ ಅರ್ಥ. ನಿಮ್ಮ ಗೋಡೌನ್ ಬಾಗಿಲಿನಿಂದ ಬಾಯರ್ ಗೋಡೌನ್ ಬಾಗಿಲಿನವರೆಗೆ ಬರೆಯಬೇಕು. ಐಸಿಸಿಯ 2009ರ ಕ್ಲಾಸ್‌ನಲ್ಲಿ, ಲಾರಿಗೆ ತಕ್ಷಣ ಏರಿಸುವುದಕ್ಕೆ ಅಂತ ಮಾಲು ಗೋಡೌನ್‌ನಲ್ಲಿ ಮೊದಲು ಅಲುಗಿದ ಕ್ಷಣಕ್ಕೆ ಕವರ್ ಶುರು. ಆ ಕಡೆ, ಬಾಯರ್ ಗೋಡೌನ್‌ನಲ್ಲಿ ಇಳಿಸಿ ಮುಗಿಸಿದಾಗ ಅಥವಾ ಕೊನೆಯ ಬಂದರಿನಲ್ಲಿ ಹಡಗಿನಿಂದ ಇಳಿಸಿ 60 ದಿನ ಆದಾಗ, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಬಾಯರ್ ಕಂಟೇನರನ್ನು ಬಂದರಿನಲ್ಲೇ ಬಿಟ್ಟು ಕೂತರೆ ಆ ಅರವತ್ತು ದಿನ ಓಡುತ್ತಲೇ ಇರುತ್ತದೆ.

ಹಡಗು ನೇರ ಹೋಗುತ್ತದೋ ಕೊಲಂಬೊದಲ್ಲಿ ಬದಲಾಗುತ್ತದೋ ಅದನ್ನೂ ಕೇಳಿ ಬರಿ. ಕಂಟೇನರ್ ಮಧ್ಯದಲ್ಲಿ ಇಳಿದು ಹತ್ತಿದರೆ, ಕಂಪನಿಯಲ್ಲಿ ರಿಸ್ಕ್ ನೋಡಿ ರೇಟು ಹಾಕುವ ಅಂಡರ್‌ರೈಟರ್ ಬೇರೆ ಲೆಕ್ಕ ಹಾಕುತ್ತಾರೆ.

ಊದುಬತ್ತಿ_ಉಮಾ
ನಮ್ಮದು ಮೈಸೂರಿನಲ್ಲಿ ಊದುಬತ್ತಿ ಘಟಕ. ಮಾಲಿಗೆ ಏನೂ ಆಗದಿದ್ದರೂ ತೊಂದರೆ ಬರುತ್ತೆ ಅಂತ ಹೇಳೋಕೆ ಬಂದೆ. ಒಮ್ಮೆ ನಾವು ಮಾಲು ಕಳಿಸಿದ ಕಂಟೇನರ್ ಅನ್ನೇ ಮುಂದೆ ತಿಂಡಿ ಪದಾರ್ಥಕ್ಕೆ ಕೊಟ್ಟಿದ್ದರಂತೆ. ತಿಂಡಿಯೆಲ್ಲ ಗಂಧದ ವಾಸನೆ! ಆ ಕ್ಲೇಮ್ ಏನಾಯಿತೋ ಗೊತ್ತಿಲ್ಲ. ನಿಮ್ಮ ಬೆಲ್ಲಕ್ಕೆ ಖಾಲಿ ಕಂಟೇನರ್ ಬಂದಾಗ ಮೊದಲು ಒಳಗೆ ಹೋಗಿ ಬಾಗಿಲು ಮುಚ್ಚಿಸಿ ಮೂಸಿ ನೋಡಿ.

ಆಲೆಮನೆ_ಹುಡುಗ
ಉಮಕ್ಕ, ನಿಜವಾಗ್ಲೂ ಒಳಗೆ ನಿಂತು ಬಾಗಿಲು ಮುಚ್ಚಿಸಬೇಕಾ? 😄

ಊದುಬತ್ತಿ_ಉಮಾ
ಹೌದು ಮಾರಾಯ. ಕತ್ತಲಲ್ಲಿ ನಿಂತರೆ ತಗಡಿನಲ್ಲಿ ತೂತಿದ್ದರೆ ಬೆಳಕಿನ ಚುಕ್ಕಿ ಕಾಣುತ್ತೆ. ವಾಸನೆಯೂ ಗೊತ್ತಾಗುತ್ತೆ. ಹೊರಗೊಬ್ಬ ನಂಬಿಕಸ್ಥ ನಿಂತಿರಲಿ ಅಷ್ಟೆ.

ನಜರ್‌ಬಾದ್_ಸೀನಿಯರ್
ಉಮಾ ಅವರು ಹೇಳಿದ್ದು ತಮಾಷೆಯಲ್ಲ. ಕಂಟೇನರ್‌ಗೆ ನೀವೇ ಮಾಲು ತುಂಬಿದರೆ, ಅದು ಮಾಲಿಗೆ ತಕ್ಕದ್ದಲ್ಲ ಅಂತ ನಿಮಗೆ ಗೊತ್ತಿದ್ದರೆ, ಎ ಕ್ಲಾಸಲ್ಲೂ ಕಂಪನಿ ಇಲ್ಲ ಅನ್ನಬಹುದು. ಪ್ಯಾಕಿಂಗ್‌ಗೂ ಅದೇ ಮಾತು. ಸಾಕಾಗದ ಪ್ಯಾಕಿಂಗ್‌ನಿಂದ ಆದ ಹಾನಿ ಕ್ಲೇಮಿನಿಂದ ಹೊರಗೆ.

ಈಗ ನಿನ್ನ "ಸ್ಟ್ಯಾಂಡರ್ಡ್ ಎಕ್ಸ್‌ಪೋರ್ಟ್ ಪ್ಯಾಕಿಂಗ್". ಏನದು? ಅದರಿಂದ ಅಂಡರ್‌ರೈಟರ್‌ಗೆ ಏನೂ ತಿಳಿಯಲ್ಲ. ಬೆಲ್ಲವನ್ನು ನಿಜವಾಗಿ ಹೇಗೆ ಕಟ್ಟುತ್ತೀಯ ಅಂತ ಇಲ್ಲಿ ಬರಿ.

ಆಲೆಮನೆ_ಹುಡುಗ
ಒಂದು ಕೆಜಿ ಅಚ್ಚಿಗೆ ಒಂದೊಂದು ಪ್ಲಾಸ್ಟಿಕ್ ಕವರ್, ಸೀಲ್ ಮಾಡಿರ್ತೀವಿ. ಇಪ್ಪತ್ತು ಅಚ್ಚು ಒಂದು ಐದು ಪದರದ ರಟ್ಟಿನ ಡಬ್ಬದಲ್ಲಿ. ಡಬ್ಬದೊಳಗೆ ಒಂದು ದೊಡ್ಡ ಪಾಲಿಥೀನ್ ಚೀಲ. ಕೆಳಗೆ ಮರದ ಪ್ಯಾಲೆಟ್ ಹಾಕಬೇಕಾ ಅಂತ ಇನ್ನೂ ನಿರ್ಧಾರ ಆಗಿಲ್ಲ. ಇದು ಇಷ್ಟು ದೊಡ್ಡ ವಿಷಯ ಅಂತ ಗೊತ್ತಿರಲಿಲ್ಲ.

ನಜರ್‌ಬಾದ್_ಸೀನಿಯರ್
ಒಳ್ಳೆಯ ಪ್ಯಾಕಿಂಗೇ ಇದೆ, ಬರೆದಿಲ್ಲ ಅಷ್ಟೆ. ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಬೆಲ್ಲ ಒದ್ದೆಯಾಗಿ ತಲುಪಿತು ಅನ್ನು. ಹಾನಿ ಪರೀಕ್ಷೆ ಮಾಡೋ ಸರ್ವೇಯರ್ ಬಂದು ಮೊದಲು ಕೇಳೋದು: ನೀರು ಹೊರಗಿನದೋ, ಒಳಗಿನದೋ? ಹೊರಗಿನದಾದರೆ, ಮಳೆಯೋ ಉಪ್ಪು ನೀರೋ ಎ ಕ್ಲಾಸ್‌ನಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ. ಉಪ್ಪು ನೀರೋ ಅಲ್ವೋ ಅನ್ನೋದಕ್ಕೆ ಸರ್ವೇಯರ್ ಹತ್ತಿರ ಸಿಲ್ವರ್ ನೈಟ್ರೇಟ್ ಇರುತ್ತೆ, ಒಂದು ತೊಟ್ಟು ಬಿಟ್ಟಾಗ ಉಪ್ಪು ನೀರಾಗಿದ್ದರೆ ಬಿಳಿಯಾಗುತ್ತೆ. ಒಳಗಿನದಾದರೆ ಕಥೆ ಬೇರೆ. ಹಗಲು ಕಂಟೇನರ್ ಕಾದು, ಮಾಲಿನಲ್ಲಿರೋ ತೇವ ಆವಿಯಾಗಿ, ರಾತ್ರಿ ತಗಡಿನ ಚಾವಣಿಗೆ ತಾಗಿ ಹನಿಯಾಗಿ ಮಾಲಿನ ಮೇಲೇ ಬೀಳುತ್ತೆ, ಇದನ್ನೇ ಬೆವರಿಕೆ ಅನ್ನೋದು. ಇದಕ್ಕೆ ಒಂದು ಹಳೇ ಕೇಸ್ ಇದೆ. ಕಲ್ಕತ್ತಾದಿಂದ ರೋಟರ್‌ಡ್ಯಾಮ್‌ಗೆ ಚರ್ಮದ ಕೈಗವಸು ಹೋಗಿತ್ತು. ಕೈಗವಸಿನಲ್ಲಿದ್ದ ತೇವವೇ ಮೇಲೇರಿ, ಚಾವಣಿಯಿಂದ ಹನಿದು ಮಾಲು ಹಾಳಾಯಿತು. 1990ರಲ್ಲಿ ಇಂಗ್ಲೆಂಡಿನ ಅಪೀಲ್ ಕೋರ್ಟ್ ಇದು ಮಾಲಿನ ಸ್ವಭಾವದಿಂದಲೇ ಆದ ಹಾನಿ ಅಂದಿತು. ಎಲ್ಲ ರಿಸ್ಕ್‌ಗೂ ಕವರ್ ಇದ್ದರೂ ದುಡ್ಡು ಸಿಗಲಿಲ್ಲ. ಮಂಡ್ಯದ ಬೆಲ್ಲವೂ ಅದೇ ಜಾತಿಗೆ ಸೇರಿದ ಮಾಲು, ತೇವ ತನ್ನ ಜೊತೆಗೇ ತರುತ್ತದೆ.

ಅದಕ್ಕೇ ಪ್ಯಾಕಿಂಗ್ ಜೊತೆಗೆ ತೇವಾಂಶವನ್ನೂ ಹೇಳಬೇಕು. ಲ್ಯಾಬ್ ರಿಪೋರ್ಟ್ ಮಾಡಿಸಿ, ಬೆವರಿಕೆಗೆ ಬೇರೆ ಕವರ್ ಕೊಡ್ತೀರಾ ಅಂತ ಪತ್ರದಲ್ಲೇ ಕೇಳು. ಇದರ ಬಗ್ಗೆಯೂ ಒಂದು ಕೇಸ್ ಇದೆ. 1983ರಲ್ಲಿ ತೀರ್ಪಾದದ್ದು, ಇಂಡೋನೇಷ್ಯಾದಿಂದ ಯುರೋಪಿಗೆ ಹೋದ ಸೋಯಾ. ಅವರ ಪಾಲಿಸಿಯಲ್ಲಿ ಬಿಸಿ, ಬೆವರು, ತಾನಾಗಿ ಹೊತ್ತಿಕೊಳ್ಳುವುದು ಅಂತ ಹೆಸರು ಹಿಡಿದು ಬರೆಸಿದ್ದರು. ಮಾಲಿನ ಸ್ವಭಾವವೇ ಕಾರಣ ಅಂತ ಕಂಪನಿ ವಾದಿಸಿದರೂ ಅವರಿಗೆ ದುಡ್ಡು ಬಂತು.

ಗೋಣಿಚೀಲ
ಅಬ್ಬಾ, ನಾನು ಇಷ್ಟು ದಿನ ಎ ಕ್ಲಾಸ್ ಅಂದ್ರೆ ಎಲ್ಲಾ ಸೇರುತ್ತೆ ಅಂದುಕೊಂಡಿದ್ದೆ.

ಕ್ಲಿಯರಿಂಗ್_ಕಿಟ್ಟಿ
ಎಲ್ಲ ಅಲ್ಲ, "ಇಂಥದ್ದು ಬಿಟ್ಟು ಎಲ್ಲ". ಆ "ಇಂಥದ್ದು" ಒಂದು ಪುಟ ಇರುತ್ತೆ 🙂

ಊದುಬತ್ತಿ_ಉಮಾ
ತೇವ ಹೀರೋ ಚೀಲ ಹಾಕಿ. ಕಂಟೇನರ್ ಗೋಡೆಗೆ ಉದ್ದುದ್ದ ನೇತು ಹಾಕುವಂಥದ್ದು ಸಿಗುತ್ತೆ. ಡಬ್ಬದ ಸಾಲಿನ ಮೇಲೆ ಕ್ರಾಫ್ಟ್ ಪೇಪರ್ ಹೊದಿಸಿ, ಹನಿ ಬಿದ್ದರೂ ನೇರ ರಟ್ಟಿಗೆ ಬೀಳಲ್ಲ. ಮರದ ಪ್ಯಾಲೆಟ್ ಆದರೆ, ಮರದಲ್ಲಿ ಕೀಟ ಉಳಿಯದ ಹಾಗೆ ಸಂಸ್ಕರಿಸಿದ್ದಾರೆ ಅನ್ನೋ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮುದ್ರೆ ಇದ್ದು ಮರ ಹಸಿಯಾಗಿದ್ದರೆ ಅದರ ತೇವವೂ ಕಂಟೇನರ್‌ನೊಳಗೇ ಏರುತ್ತೆ, ನೋಡಿಕೊಳ್ಳಿ.

ಆಲೆಮನೆ_ಹುಡುಗ
ಎಲ್ಲರ ಮಾತು ಸೇರಿಸಿ ಹೊಸ ಮೇಲ್ ಹೀಗೆ ಬರೆದಿದ್ದೇನೆ. ನೋಡಿ ಹೇಳಿ:

"ಮಾಲು: ಮಂಡ್ಯದ ಅಚ್ಚು ಬೆಲ್ಲ, ಆಹಾರಕ್ಕೆ ಬಳಸುವಂಥದ್ದು, ನಿವ್ವಳ 18 ಟನ್, 900 ಡಬ್ಬ, ತಲಾ 20 ಕೆಜಿ. ತೇವಾಂಶದ ಲ್ಯಾಬ್ ರಿಪೋರ್ಟ್ ಲಗತ್ತಿಸಿದೆ.

ಬೆಲೆ: ಸರಕು ₹12,96,000, ಚೆನ್ನೈವರೆಗೆ ಸಾಗಣೆ ಮತ್ತು ಬಂದರು ಖರ್ಚು ₹64,000, ಹಡಗಿನ ಬಾಡಿಗೆ ₹90,000. ಇನ್ಶೂರ್ ಮಾಡಬೇಕಾದ ಮೊತ್ತ ಪ್ರೀಮಿಯಂ ಸೇರಿದ ಸಿಐಎಫ್ ಮೇಲೆ ಶೇಕಡಾ 10 ಸೇರಿಸಿ, ಸುಮಾರು ₹15,95,000.

ದಾರಿ: ಮಂಡ್ಯದ ನಮ್ಮ ಗೋಡೌನ್‌ನಿಂದ ರಸ್ತೆ ಮೂಲಕ ಚೆನ್ನೈ ಬಂದರು, ಅಲ್ಲಿಂದ ಜೆಬೆಲ್ ಅಲಿ, ಅಲ್ಲಿಂದ ದುಬೈನ ಖರೀದಿದಾರರ ಗೋಡೌನ್. ಕೊಲಂಬೊದಲ್ಲಿ ಹಡಗು ಬದಲಾಗುವ ಸಾಧ್ಯತೆ ಇದೆ. ಹೊರಡುವುದು ನವೆಂಬರ್‌ನಲ್ಲಿ.

ಪ್ಯಾಕಿಂಗ್: ಒಂದು ಕೆಜಿ ಅಚ್ಚಿಗೆ ಸೀಲ್ ಮಾಡಿದ ಪ್ಲಾಸ್ಟಿಕ್ ಕವರ್, 20 ಅಚ್ಚು ಒಂದು ಐದು ಪದರದ ರಟ್ಟಿನ ಡಬ್ಬದಲ್ಲಿ, ಒಳಗೆ ಪಾಲಿಥೀನ್ ಚೀಲ. 20 ಅಡಿ ಕಂಟೇನರ್, ಪೂರ್ತಿ ನಮ್ಮ ಮಾಲೇ, ನಮ್ಮ ಗೋಡೌನ್‌ನಲ್ಲೇ ತುಂಬಿ ಸೀಲ್ ಮಾಡುತ್ತೇವೆ. ಒಳಗೆ ತೇವ ಹೀರುವ ಚೀಲ ಮತ್ತು ಕ್ರಾಫ್ಟ್ ಪೇಪರ್ ಹೊದಿಕೆ.

ಐಸಿಸಿ ಎ, ಜೊತೆಗೆ ಯುದ್ಧ ಮತ್ತು ಮುಷ್ಕರದ ಕವರ್‌ಗೆ ರೇಟು ತಿಳಿಸಿ. ಬೆವರಿಕೆ, ಬಿಸಿಯಿಂದಾಗುವ ಹಾನಿಗೆ ಪ್ರತ್ಯೇಕ ಕವರ್ ಕೊಡುತ್ತೀರಾ, ಎಷ್ಟಕ್ಕೆ, ಯಾವ ಷರತ್ತಿಗೆ? ಎಕ್ಸೆಸ್ ಎಷ್ಟು? ದುಬೈನಲ್ಲಿ ಸರ್ವೆಗೆ ಯಾರನ್ನು ಸಂಪರ್ಕಿಸಬೇಕು? ಪಾಲಿಸಿ ಖರೀದಿದಾರರ ಹೆಸರಿಗೆ ಬರೆದುಕೊಡಲು ಆಗಬೇಕು."

ನಜರ್‌ಬಾದ್_ಸೀನಿಯರ್
ಭೇಷ್! ಎಕ್ಸೆಸ್ ಕೇಳಿದ್ದು ಒಳ್ಳೆಯದು. ಇನ್ಶೂರ್ ಮೊತ್ತದ ಶೇಕಡಾ ಅರ್ಧ ಅಂದರೂ ಕ್ಲೇಮ್ ಆದಾಗ ₹7,975 ನಿಮ್ಮ ಕೈಯಿಂದ ಹೋಗುತ್ತದೆ. ಎರಡು ರೇಟು ಹೋಲಿಸುವಾಗ ಅದನ್ನು ಮರೆತರೆ ಅಗ್ಗದ್ದು ಅಗ್ಗ ಆಗಿರಲ್ಲ. ಯುದ್ಧದ ಕವರ್ ಹಡಗಿನ ಮೇಲೆ ಇರುವಷ್ಟು ಹೊತ್ತು ಮಾತ್ರ, ಗೋಡೌನ್‌ನಲ್ಲಿ ಅಲ್ಲ. ಜೆಬೆಲ್ ಅಲಿಗೆ ಹಾರ್ಮುಜ್ ಜಲಸಂಧಿ ದಾಟಿಯೇ ಹೋಗಬೇಕು. ಆ ಕಡೆ ಗಲಾಟೆ ಆದರೆ ರೇಟು ಬೇಗ ಬದಲಾಗುತ್ತದೆ, ಆದ್ದರಿಂದ ಈ ಕೊಟೇಶನ್ ಎಷ್ಟು ದಿನ ಚಾಲ್ತಿ ಅಂತ ಒಂದು ಸಾಲು ಸೇರಿಸು.

ಒಂದು ಅನುಮಾನ. ಕೆಲವರು ಬೆವರಿಕೆ ಕವರ್ ಕೊಡುತ್ತೇವೆ ಅಂದು, "ಮಾಲಿನ ಸ್ವಭಾವದಿಂದ ಆದದ್ದು ಬಿಟ್ಟು" ಅಂತ ಕೆಳಗೆ ಸೇರಿಸಿಬಿಡುತ್ತಾರೆ. ಹಾಗಾದರೆ ನೀನು ಕೊಟ್ಟ ದುಡ್ಡು ದಂಡ. ಪಾಲಿಸಿ ಪದಗಳನ್ನು ಮೊದಲೇ ತರಿಸಿ ಓದು.

ಆಲೆಮನೆ_ಹುಡುಗ
ಅಪ್‌ಡೇಟ್: ಎರಡು ಕಡೆಯಿಂದ ಉತ್ತರ ಬಂತು. ಒಬ್ಬರು ಎ ಕ್ಲಾಸ್ ಕೊಟ್ಟಿದ್ದಾರೆ, ಬೆವರಿಕೆ ಕವರ್ ಇಲ್ಲ ಅಂದಿದ್ದಾರೆ. ಒಂದು ಪುಟ ಪ್ರಶ್ನೆ ಕಳಿಸಿದವರು ಬೆವರಿಕೆಗೂ ಕೊಡುತ್ತಾರಂತೆ, ಆದರೆ ಲೋಡ್ ಮಾಡುವಾಗ ಅವರು ಒಪ್ಪಿದ ಸರ್ವೇಯರ್ ಬಂದು ತೇವಾಂಶ ಅಳೆದು ರಿಪೋರ್ಟ್ ಕೊಡಬೇಕು. ಸರ್ವೇಯರ್ ಫೀಸು ನಮ್ಮದೇ. ಅದೇ ಪ್ರೀಮಿಯಂಗಿಂತ ಜಾಸ್ತಿ ಆಗುವ ಹಾಗಿದೆ.

ಗೋಣಿಚೀಲ
ನೋಡಿದ್ರಾ? ಬಿಟ್ಟುಬಿಡಿ, ಬಿಸಿಲು ಬಿದ್ದಾಗ ಕಳಿಸಿ.

ನಜರ್‌ಬಾದ್_ಸೀನಿಯರ್
ನಾನಾದರೆ ಕೊಡುತ್ತೇನೆ. ಆ ರಿಪೋರ್ಟ್ ಇದ್ದರೆ ನಾಳೆ "ಬೆಲ್ಲ ಮೊದಲೇ ಒದ್ದೆ ಇತ್ತು" ಅನ್ನೋ ಮಾತು ಯಾರೂ ಎತ್ತೋ ಹಾಗಿಲ್ಲ. ಬಾಯರ್ ಕೂಡ.

ಊದುಬತ್ತಿ_ಉಮಾ
ಬಾಯರ್ ಜೊತೆ ಆ ಫೀಸನ್ನು ಹಂಚಿಕೊಳ್ಳಿ ಅಂತ ಕೇಳಿ ನೋಡಿ. ಕ್ಲೇಮ್ ದುಡ್ಡು ಅವನಿಗೇ ತಾನೇ ಹೋಗೋದು.

ಗೋಣಿಚೀಲ
ದುಬೈ ಶೇಠ್ ಕೊಡ್ತಾನಂತಾ? 😂

ಲಾರಿ_ರಾಜ
ಮಂಗಳೂರಿಗೆ ಹಾಕಿದ್ರೆ ಉಳಿಯೋ ಬಾಡಿಗೆಯಲ್ಲಿ ಫೀಸು ಕೊಟ್ಟುಬಿಡಬಹುದಿತ್ತು, ಅಷ್ಟೇ ಹೇಳ್ತೀನಿ.

ಕ್ಲಿಯರಿಂಗ್_ಕಿಟ್ಟಿ
ರಾಜಣ್ಣ ಬಿಡಲ್ಲ 😄. @ಆಲೆಮನೆ_ಹುಡುಗ ಯಾವುದು ಒಪ್ಪಿದರೂ ಸರಿ, ಮೊದಲ ಡಬ್ಬ ಅಲುಗುವುದಕ್ಕಿಂತ ಮುಂಚೆ ಪಾಲಿಸಿ ಕೈಯಲ್ಲಿರಲಿ. ದಾರಿಯಲ್ಲಿದ್ದಾಗ ಮಾಡಿಸೋಣ ಅಂದರೆ ಯಾರೂ ಸುಲಭಕ್ಕೆ ಒಪ್ಪಲ್ಲ. ಸೀಲ್ ಹಾಕಿದ ತಕ್ಷಣ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಬಾಯರ್‌ಗೂ ಕಳಿಸಿ. ಅವನಿಗೆ ಇನ್ನೊಂದು ಹೇಳಿ: ಬಾಗಿಲು ತೆರೆದಾಗ ಹೊರಗೆ ಕಾಣದ ಹಾನಿ ಇದ್ದರೆ ಡೆಲಿವರಿ ಆದ ಮೂರು ದಿನದೊಳಗೆ ಹಡಗಿನವರಿಗೆ ಬರಹದಲ್ಲಿ ತಿಳಿಸಬೇಕು. ದುಬೈನವರು ಸಾಮಾನ್ಯವಾಗಿ ಇದನ್ನೇ ಬಿಟ್ಟುಬಿಡ್ತಾರೆ.

ಪಾಂಡವಪುರ_ಪುಟ್ಟ
ಇಸಿಜಿಸಿ ಬಗ್ಗೆ ಬೇರೆ ಥ್ರೆಡ್ ಹಾಕಲಾ? ಭಾವ ಕೇಳ್ತಾ ಇದ್ದಾರೆ.

ಕ್ಲಿಯರಿಂಗ್_ಕಿಟ್ಟಿ
ಹಾಕು. ತೆಂಗಿನಕಾಯಿ ಇನ್ವಾಯ್ಸ್ ತಾರೀಖು ಅದರಲ್ಲಿ ಬರಿ, ಮೊದಲು ಅದನ್ನೇ ಕೇಳ್ತಾರೆ.